ನಗೆಯ ಪಲ್ಲವಿ: ದೊಡ್ಡವರ ಕಾರ್ಟೂನುಗಳ ಒಂದು ಚರಿತ್ರೆ

ಕಚೇರಿಯ ಊಟದ ಬಿಡುವಿನಲ್ಲಿ ನಾನು 'ದಿ ಸಿಂಪ್ಸನ್ಸ್' ನೋಡುತ್ತಿದ್ದುದನ್ನು ಕಂಡ ಸಹೋದ್ಯೋಗಿಯೊಬ್ಬರು, "ಈ ವಯಸ್ಸಿನಲ್ಲೂ ಕಾರ್ಟೂನೇ?" ಎಂದು ನಕ್ಕರು. ಚಿತ್ರ ಚಲಿಸಿದರೆ ಅದು ಮಕ್ಕಳದ್ದು ಎಂಬ ನಂಬಿಕೆ ನಮ್ಮಲ್ಲಿ ಗಟ್ಟಿಯಾಗಿದೆ. ಚರಿತ್ರೆ ಹೇಳುವುದು ಬೇರೆ. ಅಮೆರಿಕದಲ್ಲಿ 1960ರ ಸೆಪ್ಟೆಂಬರಿನಲ್ಲಿ ಎಬಿಸಿ ವಾಹಿನಿ 'ದಿ ಫ್ಲಿಂಟ್‌ಸ್ಟೋನ್ಸ್' ಅನ್ನು ಆರಂಭಿಸಿದ್ದು ಇಡೀ ಕುಟುಂಬ ಟಿವಿಯ ಮುಂದೆ ಕೂರುವ ರಾತ್ರಿಯ ಹೊತ್ತಿನಲ್ಲಿ. ಮೊದಲ ವರ್ಷಗಳಲ್ಲಿ ಅದರ ಪ್ರಾಯೋಜಕರಲ್ಲಿ ಒಂದು ಸಿಗರೇಟು ಕಂಪನಿಯೂ ಇತ್ತು. ಶಿಲಾಯುಗದ ಫ್ರೆಡ್ ಜಾಹೀರಾತಿನಲ್ಲಿ ಹೊಗೆ ಬಿಡುತ್ತಿದ್ದ. ಆ ಧಾರಾವಾಹಿ 1966ರಲ್ಲಿ ಮುಗಿಯಿತು. ಆಮೇಲೆ ಅಮೆರಿಕದ ಟಿವಿಯ ಕಾರ್ಟೂನುಗಳು ಬಹುಪಾಲು ಶನಿವಾರದ ಬೆಳಗಿಗೆ, ಅಂದರೆ ಮಕ್ಕಳ ಪಾಲಿಗೆ, ಸರಿದವು. ಅವುಗಳನ್ನು ರಾತ್ರಿಗೆ ಮರಳಿ ತಂದು ನಿಲ್ಲಿಸಿದ್ದು 1989ರ ಡಿಸೆಂಬರಿನಲ್ಲಿ ಆರಂಭವಾದ ಮ್ಯಾಟ್ ಗ್ರೇನಿಂಗ್ ಅವರ 'ದಿ ಸಿಂಪ್ಸನ್ಸ್'. ಅದು ಇಂದಿಗೂ ನಿಂತಿಲ್ಲ.

ಮಕ್ಕಳ ಕಾರ್ಟೂನಿಗೂ ಇದಕ್ಕೂ ಇರುವ ವ್ಯತ್ಯಾಸವನ್ನು ಜನ ಸಾಮಾನ್ಯವಾಗಿ ಬೈಗುಳದಲ್ಲಿ, ಮದ್ಯದಲ್ಲಿ, ಪೋಲಿ ಮಾತಿನಲ್ಲಿ ಹುಡುಕುತ್ತಾರೆ. ನನಗೆ ಅದು ಕಾಣುವುದು ಪುನರಾವರ್ತನೆಯಲ್ಲಿ. ರೋಡ್ ರನ್ನರ್ ಹಕ್ಕಿಯನ್ನು ಅಟ್ಟಿಸಿಕೊಂಡು ಹೋಗುವ ತೋಳವು ಪ್ರಪಾತಕ್ಕೆ ಬೀಳುತ್ತದೆ. ಮುಂದಿನ ದೃಶ್ಯದಲ್ಲಿ ಇಡಿಯಾಗಿ ನಿಂತಿರುತ್ತದೆ. ಹೇಗೆಂದು ಯಾರೂ ಕೇಳುವುದಿಲ್ಲ. ದೊಡ್ಡವರ ಕಾರ್ಟೂನಿನಲ್ಲೂ ನಗೆಯ ಪಲ್ಲವಿ ಮತ್ತೆ ಮತ್ತೆ ಬರುತ್ತದೆ. ಆದರೆ ಅಲ್ಲಿ ಒಂದಲ್ಲ ಒಂದು ದಿನ ಯಾರಾದರೂ ಆ ಪ್ರಶ್ನೆ ಕೇಳಿಯೇ ಕೇಳುತ್ತಾರೆ. ದಶಕಗಟ್ಟಲೆ ಓಡುವ ಧಾರಾವಾಹಿಯ ಕಸುಬು ಇರುವುದೇ ಆ ಪ್ರಶ್ನೆಗೆ ಉತ್ತರ ಕೊಡುವುದರಲ್ಲಿ.

'ಸಿಂಪ್ಸನ್ಸ್'ನ ಪೀಠಿಕೆಯನ್ನೇ ನೋಡಿ. ಹತ್ತು ವರ್ಷದ ಬಾರ್ಟ್ ಶಿಕ್ಷೆಯಾಗಿ ತರಗತಿಯ ಕರಿಹಲಗೆಯ ಮೇಲೆ ಒಂದೇ ವಾಕ್ಯವನ್ನು ಹಲವು ಸಲ ಬರೆಯುತ್ತಿರುತ್ತಾನೆ. ಕೊನೆಯಲ್ಲಿ ಮನೆಮಂದಿಯೆಲ್ಲ ಓಡಿಬಂದು ಟಿವಿಯ ಮುಂದಿನ ಸೋಫಾದಲ್ಲಿ ಕೂರುತ್ತಾರೆ. ಚೌಕಟ್ಟು ಸ್ಥಿರ, ಬದಲಾಗುವುದು ಹಲಗೆಯ ಮೇಲಿನ ವಾಕ್ಯ ಮತ್ತು ಸೋಫಾದಲ್ಲಿ ಆಗುವ ಅನಾಹುತ. ನೋಡುಗನಿಗೆ ಏನೋ ಆಗುತ್ತದೆಂದು ಗೊತ್ತು, ಏನೆಂದು ಗೊತ್ತಿಲ್ಲ. ಇದರಲ್ಲಿ ಒಂದು ಉಪಯೋಗವೂ ಇದೆ. ಆ ವಾರದ ಕಥೆ ಗಿಡ್ಡವಾದರೆ ಸೋಫಾದ ಪ್ರಸಂಗವನ್ನು ಹಿಗ್ಗಿಸಬಹುದು. ಕಥೆ ಉದ್ದವಾದರೆ ಪೀಠಿಕೆಯನ್ನು ಕತ್ತರಿಸಬಹುದು.

ಎಲ್ಲ ಪಲ್ಲವಿಗಳೂ ಇಷ್ಟು ಸುಲಭವಾಗಿ ಬಾಳುವುದಿಲ್ಲ. ಬಾರ್ಟ್ ಮೋ ಎಂಬಾತನ ಹೆಂಡದಂಗಡಿಗೆ ಫೋನು ಮಾಡಿ, ಇಂಥವರು ಇದ್ದಾರೆಯೇ ಎಂದು ಒಂದು ಹೆಸರು ಹೇಳುತ್ತಾನೆ. ಮೋ ಅದನ್ನು ಅಂಗಡಿಯಲ್ಲಿ ಗಟ್ಟಿಯಾಗಿ ಕೂಗುತ್ತಾನೆ. ಕೂಗಿದಾಗ ಆ ಹೆಸರು ಅಶ್ಲೀಲವೋ ಅಸಂಬದ್ಧವೋ ಆದ ಮಾತಾಗಿ ಕೇಳಿಸುತ್ತದೆ. ಗಿರಾಕಿಗಳು ನಗುತ್ತಾರೆ, ಮೋ ಫೋನಿನಲ್ಲಿ ಕೆಂಡ ಕಾರುತ್ತಾನೆ. ಈ ನಾಲ್ಕು ಹೆಜ್ಜೆಗಳು ಎಲ್ಲರಿಗೂ ಬಾಯಿಪಾಠವಾದ ಮೇಲೆ, 1991ರ ಒಂದು ಕಂತಿನಲ್ಲಿ ಬಾರ್ಟ್ 'ಹ್ಯೂ ಜಾಸ್' ಎಂಬಾತನನ್ನು ಕೇಳುತ್ತಾನೆ. ಇಂಗ್ಲಿಷಿನಲ್ಲಿ ಬೇಗ ಹೇಳಿದರೆ ಅದು 'ಭಾರಿ ಅಂಡು' ಎಂದಾಗುತ್ತದೆ. ಮೋ ಕೂಗುತ್ತಾನೆ. ಮೂಲೆಯಿಂದ ನಿಜಕ್ಕೂ ಆ ಹೆಸರಿನ ಮನುಷ್ಯನೊಬ್ಬ ಎದ್ದು ಬಂದು ಫೋನು ತೆಗೆದುಕೊಳ್ಳುತ್ತಾನೆ! ತಬ್ಬಿಬ್ಬಾದ ಬಾರ್ಟ್ ತಪ್ಪೊಪ್ಪಿಕೊಳ್ಳಬೇಕಾಗುತ್ತದೆ. ಆತನೋ ಸಿಟ್ಟಾಗದೆ ಸೌಜನ್ಯದಿಂದ ಬೀಳ್ಕೊಟ್ಟು, ಹುಡುಗ ಒಳ್ಳೆಯವನೆಂದು ಮೆಚ್ಚಿಕೊಳ್ಳುತ್ತಾನೆ. ಸವೆಯುತ್ತಿದ್ದ ಪಲ್ಲವಿಗೆ ಜೀವ ಬಂದದ್ದು ಅದನ್ನು ಇನ್ನಷ್ಟು ಜೋರು ಮಾಡಿದ್ದರಿಂದಲ್ಲ, ಮೂರನೆಯ ಹೆಜ್ಜೆಯನ್ನು ಮುರಿದದ್ದರಿಂದ. ಆದರೆ ಇಂಥ ಮುರಿತ ಒಮ್ಮೆ ಮಾತ್ರ ಸಾಧ್ಯ. ಮೊದಲ ಕೆಲವು ವರ್ಷಗಳ ನಂತರ ಈ ಫೋನುಗಳು ವಿರಳವಾದವು.

1997ರಲ್ಲಿ ಶುರುವಾದ 'ಸೌತ್ ಪಾರ್ಕ್' ಇದನ್ನೇ ಇನ್ನೂ ಕಠೋರವಾಗಿ ಪರೀಕ್ಷಿಸಿತು. ಅದರಲ್ಲಿ ಕೆನ್ನಿ ಎಂಬ ಬಡ ಹುಡುಗ ಹೆಚ್ಚುಕಡಿಮೆ ಪ್ರತಿ ಕಂತಿನಲ್ಲೂ ಸಾಯುತ್ತಿದ್ದ. ಗೆಳೆಯರಿಬ್ಬರು ಅದೇ ಎರಡು ಉದ್ಗಾರ ತೆಗೆಯುತ್ತಿದ್ದರು. ಮುಂದಿನ ವಾರ ಅವನು ಹಾಜರು. ತೋಳದ ನಿಯಮವೇ ಇಲ್ಲಿಯೂ. ಐದು ವರ್ಷಗಳಲ್ಲಿ ಹೊಸ ಸಾವುಗಳನ್ನು ಹೊಸೆಯುವುದು ಸೃಷ್ಟಿಕರ್ತರಾದ ಟ್ರೇ ಪಾರ್ಕರ್ ಮತ್ತು ಮ್ಯಾಟ್ ಸ್ಟೋನ್ ಅವರಿಗೇ ಬೇಸರವಾಯಿತು. 2001ರ ಡಿಸೆಂಬರಿನ ಕಂತಿನಲ್ಲಿ ಕೆನ್ನಿ ಗುಣವಾಗದ ರೋಗದಿಂದ ಆಸ್ಪತ್ರೆಯ ಹಾಸಿಗೆಯಲ್ಲಿ ನಿಧಾನವಾಗಿ ಸಾಯುತ್ತಾನೆ. ನಿತ್ಯವೂ ಅವನ ಸಾವನ್ನು ಕಂಡ ಗೆಳೆಯರು ಮೊದಲ ಬಾರಿಗೆ ದುಃಖಿಸುತ್ತಾರೆ. ಅವನು ಮರಳಿದ್ದು ಒಂದು ವರ್ಷದ ನಂತರ. 2010ರಲ್ಲಿ ಆ ಪ್ರಶ್ನೆಗೂ ಉತ್ತರ ಬಂತು: ಕೆನ್ನಿಗೆ ತನ್ನ ಪ್ರತಿಯೊಂದು ಸಾವೂ ನೆನಪಿದೆ, ಉಳಿದವರಿಗೆ ಒಂದೂ ನೆನಪಿಲ್ಲ. ನಾವು ನಕ್ಕಿದ್ದ ಅಷ್ಟೂ ಸಾವುಗಳ ನೋವು ಒಬ್ಬನೇ ಹೊತ್ತ ಭಾರವಾಗಿ ಬದಲಾಯಿತು.

ಕೆಲವು ಪಲ್ಲವಿಗಳ ಮೇಲಿನ ಪ್ರಶ್ನೆ ಕಥೆಯ ಹೊರಗಿನಿಂದ ಬರುತ್ತದೆ. 'ಸಿಂಪ್ಸನ್ಸ್'ನ ಅಂಗಡಿಕಾರ ಅಪು ಭಾರತದಿಂದ ವಲಸೆ ಹೋದವನು. ಅವನ ಉಚ್ಚಾರಣೆಯೇ ನಗೆ. ಅದನ್ನು ನುಡಿಯುತ್ತಿದ್ದವರು ಭಾರತೀಯರಲ್ಲದ ಹ್ಯಾಂಕ್ ಅಜೇರಿಯಾ. ಮೊದಲ ಸಲ ನೋಡಿದಾಗ ನಾನೂ ನಕ್ಕಿದ್ದೆ. ದೆಹಲಿಯಲ್ಲಿ ನನ್ನ ಹಿಂದಿಯ ಉಚ್ಚಾರಣೆಯನ್ನು ಅಣಕಿಸುವವರು ಎದುರಾದ ಮೇಲೆ ಆ ನಗು ಮೊದಲಿನಂತೆ ಉಳಿಯಲಿಲ್ಲ. ಅಪುವಿಗೆ ಪೌರತ್ವದ ಆತಂಕ, ಮದುವೆ, ಸಂಸಾರದ ಒಳ್ಳೆಯ ಕಥೆಗಳೂ ದೊರೆತಿವೆ, ನಿಜ. ಆದರೆ ಕರಿಹಲಗೆಯಲ್ಲಿ ವಾಕ್ಯ ಬದಲಾದಂತೆ ಇಲ್ಲಿ ಬದಲಾಗುವ ಜಾಗವೇ ಇರಲಿಲ್ಲ. ಧ್ವನಿ ಅದೇ, ನಗೆಗೆ ಗುರಿಯೂ ಅದೇ. ಅಮೆರಿಕದ ಶಾಲೆಗಳಲ್ಲಿ ಭಾರತೀಯ ಮೂಲದ ಮಕ್ಕಳು ಆ ಧ್ವನಿಯನ್ನೇ ತಮ್ಮ ಮೇಲಿನ ಗೇಲಿಯಾಗಿ ಕೇಳಿದ್ದರೆಂಬುದನ್ನು ಹಾಸ್ಯಗಾರ ಹರಿ ಕೊಂಡಬೋಲು 2017ರಲ್ಲಿ ಸಾಕ್ಷ್ಯಚಿತ್ರದ ಮೂಲಕ ಮುಂದಿಟ್ಟರು. ಮರುವರ್ಷ ಧಾರಾವಾಹಿ ಕೊಟ್ಟ ಮೊದಲ ಉತ್ತರ ಭುಜ ಕುಣಿಸಿದಂತಿತ್ತು. 2020ರಲ್ಲಿ ಅಜೇರಿಯಾ ಇನ್ನು ಆ ಪಾತ್ರಕ್ಕೆ ಧ್ವನಿ ನೀಡುವುದಿಲ್ಲವೆಂದು ತಿಳಿಸಿದರು.

ಕೊನೆಗೆ ಮತ್ತೆ ಕರಿಹಲಗೆಗೆ ಬರುತ್ತೇನೆ. ಅದು ಇರುವುದು ಬಾರ್ಟ್‌ನ ಉಪಾಧ್ಯಾಯಿನಿ ಶ್ರೀಮತಿ ಕ್ರಾಬಾಪಲ್ ಪಾಠ ಮಾಡುವ ಶಾಲೆಯಲ್ಲಿ. ಆ ಪಾತ್ರಕ್ಕೆ 1990ರಿಂದ ಧ್ವನಿಯಾಗಿದ್ದ ಮಾರ್ಷಾ ವ್ಯಾಲೇಸ್ 2013ರ ಅಕ್ಟೋಬರ್ 25ರಂದು ತೀರಿಕೊಂಡರು. ಬೇರೊಂದು ಕಂಠವನ್ನು ತರುವ ಬದಲು ಪಾತ್ರವನ್ನೇ ನಿವೃತ್ತಿಗೊಳಿಸಿದರು. ನವೆಂಬರ್ 3ರ ಕಂತಿನ ಆರಂಭದಲ್ಲಿ ಬಾರ್ಟ್ ಎಂದಿನಂತೆ ಹಲಗೆಯ ಮುಂದೆ ನಿಂತಿದ್ದ, ಮುಖ ಬಾಡಿತ್ತು. ಹಲಗೆಯ ಮೇಲೆ ಎಂದಿನಂತೆ ಸಾಲುಸಾಲು ಇರಲಿಲ್ಲ. ನೀವಿಲ್ಲದ ಕೊರತೆ ನಮ್ಮನ್ನು ಕಾಡುತ್ತದೆ ಎಂಬ ಅರ್ಥದ ಒಂದೇ ವಾಕ್ಯ, ಒಂದೇ ಒಂದು ಸಲ ಬರೆದಿತ್ತು. ಇಪ್ಪತ್ತಮೂರು ವರ್ಷ ಅದೇ ವಾಕ್ಯವನ್ನು ಹಲವು ಸಲ ಬರೆಯಿಸಿದ ಶಿಕ್ಷೆ ನಮ್ಮ ಕಣ್ಣಿಗೆ ರೂಢಿಯಾಗಿರದಿದ್ದರೆ, ಒಂದೇ ಸಲ ಬರೆದದ್ದರ ಅರ್ಥ ನಮಗೆ ಆಗುತ್ತಿರಲಿಲ್ಲ.

ನನ್ನ ಸಹೋದ್ಯೋಗಿಗೆ ಈ ದೃಶ್ಯವನ್ನು ತೋರಿಸಿದೆ. ಹಿಂದಿನದೇನನ್ನೂ ನೋಡಿರದ ಅವರು, "ಇದರಲ್ಲಿ ಏನಿದೆ?" ಎಂದು ಕೇಳಿದರು. ಪ್ರಶ್ನೆ ಸರಿಯಾಗಿಯೇ ಇತ್ತು. ಮೊದಲ ಕಂತಿನಿಂದ ನೋಡಿ ಎಂದೆ.