ತಾನ ಭಾಷೆಗಳು: ಮ್ಯಾಂಡರಿನ್ ತಾನಗಳ ಚರಿತ್ರೆ ಮತ್ತು ಕಲಿಕೆ

ಒಂದು ಉಚ್ಚಾರಾಂಶವನ್ನು ಯಾವ ಶ್ರುತಿಯಲ್ಲಿ ನುಡಿಯುತ್ತೇವೆ ಎಂಬುದರ ಮೇಲೆ ಪದದ ಅರ್ಥವೇ ಬದಲಾಗುವ ಭಾಷೆಗಳನ್ನು ತಾನ ಭಾಷೆಗಳು ಎನ್ನುತ್ತಾರೆ. ಕನ್ನಡದಲ್ಲಿ ‘ಬರ್ತಾನೆ’ ಎಂಬುದನ್ನು ಕೊನೆಯಲ್ಲಿ ದನಿ ಏರಿಸಿ ಹೇಳಿದರೆ ಅದು ಪ್ರಶ್ನೆಯಾಗುತ್ತದೆ, ಆದರೆ ಕ್ರಿಯಾಪದ ಅದೇ ಆಗಿರುತ್ತದೆ. ಚೀನಾದ ಮ್ಯಾಂಡರಿನ್‌ನಲ್ಲಿ ಹಾಗಲ್ಲ. ಅಲ್ಲಿ ‘ಮೈ’ ಎಂಬುದನ್ನು ತಗ್ಗಿನ ದನಿಯಲ್ಲಿ ನುಡಿದರೆ ಕೊಳ್ಳುವುದು, ಮೇಲಿನಿಂದ ಥಟ್ಟನೆ ಇಳಿಸಿ ನುಡಿದರೆ ಮಾರುವುದು. ವಿಯೆಟ್ನಾಮೀಸ್, ಥಾಯ್, ಯೊರುಬಾ ಮುಂತಾದವೂ ತಾನ ಭಾಷೆಗಳೇ. ಈ ಲೇಖನದ ವಿಷಯ ಮ್ಯಾಂಡರಿನ್: ಅದರ ತಾನಗಳು ಹೇಗೆ ಹುಟ್ಟಿದವು, ಅವನ್ನು ಹೇಗೆ ಗುರುತಿಸಿ ಬರೆದರು, ಹೊರಗಿನವರು ಅವನ್ನು ಹೇಗೆ ಕಲಿಯುತ್ತಾರೆ.

ನಾಲ್ಕು ತಾನಗಳು

ಮ್ಯಾಂಡರಿನ್‌ನ ಒಂದನೆಯ ತಾನ ಎತ್ತರದಲ್ಲಿ ಸಮವಾಗಿ ನಿಲ್ಲುತ್ತದೆ. ಎರಡನೆಯದು ನಡುವಿನಿಂದ ಏರುತ್ತದೆ. ಮೂರನೆಯದು ತಗ್ಗಿಗೆ ಇಳಿದು, ಒಂಟಿಯಾಗಿ ನುಡಿದಾಗ ಮತ್ತೆ ಮೇಲೇಳುತ್ತದೆ. ನಾಲ್ಕನೆಯದು ಎತ್ತರದಿಂದ ತಳಕ್ಕೆ ಬೀಳುತ್ತದೆ. ‘ಥಾಂಗ್’ ಎಂಬ ಒಂದೇ ಉಚ್ಚಾರಾಂಶ ಈ ಕ್ರಮದಲ್ಲಿ ಸೂಪು, ಸಕ್ಕರೆ, ಮಲಗುವುದು, ಸುಡುವಷ್ಟು ಬಿಸಿ ಎಂಬ ನಾಲ್ಕು ಅರ್ಥಗಳನ್ನು ಕೊಡುತ್ತದೆ. ಇವಲ್ಲದೆ ಒತ್ತಿಲ್ಲದೆ ಹಗುರವಾಗಿ ನುಡಿಯುವ ಉಚ್ಚಾರಾಂಶಗಳೂ ಇವೆ.

ಹುಟ್ಟು

ತಾನಗಳು ಭಾಷೆಯಲ್ಲಿ ಮೊದಲಿನಿಂದಲೂ ಇರಬೇಕಾಗಿಲ್ಲ, ವ್ಯಂಜನಗಳು ಸವೆದು ಬಿದ್ದಲ್ಲಿ ಅವು ಹುಟ್ಟಬಹುದು ಎಂದು ಫ್ರೆಂಚ್ ವಿದ್ವಾಂಸ ಆಂದ್ರೆ ಓದ್ರಿಕೂರ್ 1954ರಲ್ಲಿ ವಿಯೆಟ್ನಾಮೀಸನ್ನು ಆಧರಿಸಿ ತೋರಿಸಿದರು. ಪದದ ಕೊನೆಯ ವ್ಯಂಜನ ತನ್ನ ಹಿಂದಿನ ಸ್ವರದ ಶ್ರುತಿಯನ್ನು ಸ್ವಲ್ಪ ಏರಿಸುತ್ತದೆ ಇಲ್ಲವೇ ಇಳಿಸುತ್ತದೆ. ವ್ಯಂಜನ ಅಳಿದುಹೋದ ಮೇಲೂ ಆ ಏರಿಳಿತ ಉಳಿದರೆ, ಪದಗಳನ್ನು ಬೇರ್ಪಡಿಸುವ ಕೆಲಸ ಅದರ ಪಾಲಿಗೆ ಬರುತ್ತದೆ. ಚೀನೀ ಭಾಷೆಯ ಒಂದು ತಾನವೂ ಕೊನೆಯ ‘ಸ್’ ಧ್ವನಿಯಿಂದ ಬಂದಿರಬೇಕೆಂದು ಅವರು ಊಹಿಸಿದರು.

ಪದದ ಮೊದಲ ವ್ಯಂಜನದಿಂದಲೂ ತಾನ ಹುಟ್ಟುತ್ತದೆ. ಇದಕ್ಕೆ ಜೀವಂತ ಉದಾಹರಣೆ ನಮ್ಮ ದೇಶದ ಪಂಜಾಬಿ. ‘ಘೋಡಾ’ (ಕುದುರೆ) ಎಂಬ ಪದದ ಘೋಷ ಮಹಾಪ್ರಾಣ ಪಂಜಾಬಿ ಮಾತಿನಲ್ಲಿ ಅಳಿದು ‘ಕ’ ಆಗಿದೆ, ಅದರ ಬದಲಿಗೆ ಸ್ವರಕ್ಕೆ ತಗ್ಗಿನ ತಾನ ಬಂದಿದೆ. ತಾನವಿಲ್ಲದ ‘ಕೋಡಾ’ ಎಂದರೆ ಚಾವಟಿ, ಎತ್ತರದ ತಾನದಲ್ಲಿ ನುಡಿದರೆ ಕುಷ್ಠರೋಗಿ. ಗುರುಮುಖಿ ಬರಹದಲ್ಲಿ ಮಾತ್ರ ಹಳೆಯ ‘ಘ’ ಉಳಿದುಕೊಂಡಿದೆ.

ಹೆಸರಿನಿಂದ ಗೆರೆಯವರೆಗೆ

ಚೀನೀ ತಾನಗಳನ್ನು ನಾಲ್ಕಾಗಿ ಎಣಿಸಿದ ಖ್ಯಾತಿ ಕವಿ ಶೆನ್ ಯುವೆ (441–513) ಮತ್ತು ಅವನ ಸಮಕಾಲೀನರಿಗೆ ಸಲ್ಲುತ್ತದೆ. ಕಾವ್ಯರಚನೆಯ ನಿಯಮಗಳಿಗಾಗಿ ಅವರು ಪಿಂಗ್, ಶಾಂಗ್, ಛ್ಯು, ರು ಎಂದು ಹೆಸರಿಟ್ಟರು. ಸಂಸ್ಕೃತದ ಬೌದ್ಧ ಸೂತ್ರಗಳ ಪಠಣ ಕೇಳಿಯೇ ಚೀನೀಯರಿಗೆ ತಮ್ಮ ತಾನಗಳ ಅರಿವು ಮೂಡಿತೆಂದು ಇತಿಹಾಸಕಾರ ಚೆನ್ ಯಿನ್‌ಕೆ 1934ರಲ್ಲಿ ವಾದಿಸಿದರು. ಆ ವಾದವನ್ನು ಎಲ್ಲರೂ ಒಪ್ಪಿಲ್ಲ.

ಲಿಯಾಂಗ್ ವಂಶದ ಚಕ್ರವರ್ತಿ ವೂ ಒಮ್ಮೆ ನಾಲ್ಕು ತಾನಗಳೆಂದರೇನು ಎಂದು ಕೇಳಿದನಂತೆ. ಆಸ್ಥಾನಿಕ ಜೋವ್ ಶೆ, ‘ದೇವಪುತ್ರ ಜ್ಞಾನಿ’ ಎಂಬ ಅರ್ಥದ ನಾಲ್ಕು ಪದಗಳ ಹೊಗಳಿಕೆಯಲ್ಲಿ ಉತ್ತರ ಕೊಟ್ಟ. ಆ ಪದಗಳಲ್ಲಿ ನಾಲ್ಕು ತಾನಗಳೂ ಕ್ರಮವಾಗಿ ಇದ್ದವು. 601ರಲ್ಲಿ ಸಿದ್ಧವಾದ ‘ಛಿಯೆಯುನ್’ ಪ್ರಾಸಕೋಶ ಪದಗಳನ್ನು ತಾನಗಳ ಪ್ರಕಾರವೇ ವಿಂಗಡಿಸಿತು. ಮುಂದೆ ಉತ್ತರ ಚೀನಾದಲ್ಲಿ ಪಿಂಗ್ ಎರಡಾಗಿ ಒಡೆದು ಇಂದಿನ ಒಂದನೆಯ ಮತ್ತು ಎರಡನೆಯ ತಾನಗಳಾದವು. ಪ, ತ, ಕ ಧ್ವನಿಗಳಲ್ಲಿ ಮುಗಿಯುತ್ತಿದ್ದ ರು ಕರಗಿ ಉಳಿದವುಗಳಲ್ಲಿ ಹಂಚಿಹೋಯಿತು.

ಹೆಸರು ಗೊತ್ತಾದ ಮಾತ್ರಕ್ಕೆ ಹೊರಗಿನವರಿಗೆ ತಾನ ನುಡಿಯಲು ಬರುವುದಿಲ್ಲ. ಜೆಸ್ಯುಟ್ ಪಾದ್ರಿ ಮತ್ತೆಯೊ ರಿಚ್ಚಿ ಮತ್ತು ಅವನ ಸಂಗಡಿಗರು 1598ರಲ್ಲಿ ಬೀಜಿಂಗ್‌ನಿಂದ ದೋಣಿಯಲ್ಲಿ ಹಿಂದಿರುಗುವಾಗ ಒಂದು ಪದಪಟ್ಟಿ ತಯಾರಿಸಿದರು. ಸಂಗೀತ ಬಲ್ಲ ಲಾಜ್ಜಾರೊ ಕತ್ತಾನೆಯೊ ಕಿವಿಗೊಟ್ಟು ಕೇಳಿ ಆಗಿನ ಐದು ತಾನಗಳನ್ನು ಬೇರ್ಪಡಿಸಿದ, ಅವಕ್ಕೆ ಚಿಹ್ನೆಗಳು ನಿಗದಿಯಾದವು. ನಿಕೊಲಾ ತ್ರಿಗೋ 1626ರಲ್ಲಿ ಇದೇ ಪದ್ಧತಿಯನ್ನು ಬಳಸಿ ಕೋಶವೊಂದನ್ನು ಅಚ್ಚು ಹಾಕಿಸಿದ.

ಶ್ರುತಿಯನ್ನು ಯಂತ್ರದಿಂದ ಅಳೆದದ್ದು 20ನೆಯ ಶತಮಾನದಲ್ಲಿ. ಲಿಯು ಫು ಪ್ಯಾರಿಸ್‌ನಲ್ಲಿ ದನಿಯ ಕಂಪನಗಳನ್ನು ಕಾಗದದ ಮೇಲೆ ಮೂಡಿಸಿ ತಾನಗಳನ್ನು ಅಧ್ಯಯನ ಮಾಡಿದರು. 1930ರಲ್ಲಿ ಚಾವ್ ಯುಯೆನ್ ರೆನ್ ಐದು ಹಂತಗಳ ಅಳತೆಗೋಲು ಕೊಟ್ಟರು. ಮಾತನಾಡುವವರ ಅತಿ ತಗ್ಗಿನ ಶ್ರುತಿ 1, ಅತಿ ಎತ್ತರದ್ದು 5. ಈ ಲೆಕ್ಕದಲ್ಲಿ ಮ್ಯಾಂಡರಿನ್ ತಾನಗಳು 55, 35, 214, 51.

ಹಂತಗಳು ಸಾಪೇಕ್ಷ. ಒಬ್ಬನ ದನಿ 100ರಿಂದ 200 ಹರ್ಟ್ಸ್‌ವರೆಗೆ ಹೋಗುತ್ತದೆ ಎನ್ನೋಣ. ಅವನ ಐದು ಹಂತಗಳು ಸುಮಾರು 100, 119, 141, 168, 200 ಹರ್ಟ್ಸ್. ತೆಳುದನಿಯ ಹೆಂಗಸಿನ ಅತಿ ತಗ್ಗಿನ ಹಂತವೇ ಇವನ ಮೇಲಿನ ಹಂತದ ಹತ್ತಿರ ಇರಬಹುದು. ಆದ್ದರಿಂದ ಕಲಿಯುವವರು ಶಿಕ್ಷಕರ ಶ್ರುತಿಯನ್ನೇ ಅನುಕರಿಸದೆ ತಮ್ಮ ದನಿಯ ತಳ ಮತ್ತು ತುದಿಯನ್ನು ಮೊದಲು ಕಂಡುಕೊಳ್ಳಬೇಕು.

ಮೂರನೆಯ ತಾನದ ತೊಡಕು

214 ಎಂಬ ಅಂಕಿ ಕಲಿಯುವವರನ್ನು ದಾರಿತಪ್ಪಿಸುತ್ತದೆ. ಇಳಿದು ಏರುವ ಪೂರ್ಣ ರೂಪ ಕೇಳಿಬರುವುದು ಪದವನ್ನು ಒಂಟಿಯಾಗಿ ನುಡಿದಾಗ ಅಥವಾ ವಾಕ್ಯದ ಕೊನೆಯಲ್ಲಿ ಒತ್ತಿ ಹೇಳಿದಾಗ. ಬೇರೆ ತಾನದ ಮುಂದೆ ಬಂದರೆ ಅದು ಬರೀ ತಗ್ಗಿನ 21. ‘ಲಾವ್‌ಶಿ’ (ಶಿಕ್ಷಕ) ಎಂಬುದು 21 ಮತ್ತು 55. ಇಲ್ಲಿ ‘ಲಾವ್’ ಅನ್ನು ಇಳಿಸಿ ಏರಿಸಲು ಹೋದವರ ದನಿಯಲ್ಲಿ ಏರು ಮಾತ್ರ ಎದ್ದು ಕೇಳಿಸುತ್ತದೆ, ಕೇಳುಗರು ಅದನ್ನು ಎರಡನೆಯ ತಾನವೆಂದು ತಿಳಿಯುತ್ತಾರೆ. ಎರಡು ಮೂರನೆಯ ತಾನಗಳು ಕೂಡಿದರೆ ಮೊದಲನೆಯದು ನಿಜವಾಗಿಯೂ 35 ಆಗುತ್ತದೆ. ‘ನೀ ಹಾವ್’ ಎಂಬ ನಮಸ್ಕಾರದಲ್ಲಿ ‘ನೀ’ ಏರುವುದು ಈ ಸಂಧಿಯಿಂದ, ಬರಹದಲ್ಲಿ ಮಾತ್ರ ಚಿಹ್ನೆ ಬದಲಾಗುವುದಿಲ್ಲ.

ಹಾಗಾಗಿ ಅನೇಕ ಶಿಕ್ಷಕರು ಮೂರನೆಯದನ್ನು ಮೊದಲು ‘ತಗ್ಗಿನ ತಾನ’ವೆಂದೇ ಕಲಿಸಿ, ಕೊನೆಯ ಏರನ್ನು ಆಮೇಲೆ ಹೇಳಿಕೊಡುತ್ತಾರೆ. ದನಿ ತಳ ಮುಟ್ಟಿದಾಗ ಗಂಟಲಿನಲ್ಲಿ ಗರಗರ ಸದ್ದು ಬರುವುದುಂಟು. ಸ್ಥಳೀಯರ ಮಾತಿನಲ್ಲೂ ಅದು ಸಾಮಾನ್ಯ.

ಅಭ್ಯಾಸ

ಅಭ್ಯಾಸ ಕಿವಿಯಿಂದ ಆರಂಭವಾಗುತ್ತದೆ. ಅಮೆರಿಕದ ವಿದ್ಯಾರ್ಥಿಗಳಿಗೆ ಎರಡು ವಾರ ಹಲವರ ದನಿಯಲ್ಲಿ ಪದಗಳನ್ನು ಕೇಳಿಸಿ, ಯಾವ ತಾನವೆಂದು ಗುರುತಿಸಲು ತರಬೇತಿ ಕೊಟ್ಟ ಪ್ರಯೋಗವನ್ನು ಯುವೆ ವಾಂಗ್ ಮತ್ತು ಸಂಗಡಿಗರು 1999ರಲ್ಲಿ ಪ್ರಕಟಿಸಿದರು. ಗುರುತಿಸುವಿಕೆ ಶೇಕಡ 21ರಷ್ಟು ಸುಧಾರಿಸಿತು, ಆರು ತಿಂಗಳ ಬಳಿಕವೂ ಉಳಿಯಿತು. ಒಬ್ಬರದೇ ದನಿ ಕೇಳಿದವರು ಆ ದನಿಯ ಗುಣವನ್ನೇ ತಾನವೆಂದು ತಿಳಿಯುವ ಅಪಾಯವಿದೆ, ಹಲವು ದನಿಗಳು ಅದನ್ನು ತಪ್ಪಿಸುತ್ತವೆ. 2003ರಲ್ಲಿ ಅದೇ ತಂಡ, ಕೇಳುವ ತರಬೇತಿಯೊಂದರಿಂದಲೇ ಉಚ್ಚಾರಣೆಯೂ ಸುಧಾರಿಸಿದ್ದನ್ನು ತೋರಿಸಿತು.

ನುಡಿಯುವ ಅಭ್ಯಾಸಕ್ಕೆ ಒಂಟಿ ಪದಗಳಿಗಿಂತ ಜೋಡಿಗಳು ಹೆಚ್ಚು ಉಪಯುಕ್ತ. ನಾಲ್ಕು ತಾನಗಳಿಂದ 16 ಜೋಡಿಗಳಾಗುತ್ತವೆ, ಸಂಧಿಯಿಂದಾಗಿ ಕಿವಿಗೆ ಕೇಳುವವು 15. ಪ್ರತಿ ಜೋಡಿಗೂ ಪರಿಚಿತ ಪದವೊಂದನ್ನು ಗಟ್ಟಿಮಾಡಿಕೊಂಡು ಹೊಸ ಪದಗಳನ್ನು ಅದರ ಧಾಟಿಗೆ ಕೂರಿಸುತ್ತಾರೆ. ಧ್ವನಿಮುದ್ರಿಸಿ ಶ್ರುತಿಯ ಗೆರೆ ನೋಡಲು ಆಮ್‌ಸ್ಟರ್‌ಡ್ಯಾಮ್‌ನಲ್ಲಿ ಪಾಲ್ ಬೂರ್ಸ್‌ಮಾ ಮತ್ತು ಡೇವಿಡ್ ವೇನಿಂಕ್ ರಚಿಸಿದ ಉಚಿತ ತಂತ್ರಾಂಶ Praat ಬಳಕೆಯಲ್ಲಿದೆ. ಅದರಲ್ಲಿ ನೋಡಬೇಕಾದ್ದು ಗೆರೆಯ ಆಕಾರ ಮತ್ತು ಅದು ದನಿಯ ವ್ಯಾಪ್ತಿಯಲ್ಲಿ ನಿಂತಿರುವ ಜಾಗ. ಮೂರನೆಯ ತಾನದಲ್ಲಿ ಗೆರೆ ನಡುವೆ ತುಂಡಾದರೆ ಅದು ಬಹುಮಟ್ಟಿಗೆ ಗರಗರ ದನಿಯ ಗುರುತು, ಉಚ್ಚಾರಣೆಯ ತಪ್ಪೇ ಆಗಿರಬೇಕಿಲ್ಲ.

ತಪ್ಪು ಹೆಚ್ಚು ಉಳಿಯುವುದು ಎರಡು ಕಡೆ. ಆಕಾರ ಬೇಗ ಸರಿಹೋಗುತ್ತದೆ, ಎತ್ತರ ಸರಿಹೋಗಲು ತಡವಾಗುತ್ತದೆ ಎಂಬುದು 2003ರ ಅಧ್ಯಯನದ ಒಂದು ಫಲಿತಾಂಶ. ಇನ್ನೊಂದು, ತಾಯ್ನುಡಿಯ ವಾಕ್ಯದ ಧಾಟಿ. ಪ್ರಶ್ನೆ ಕೇಳುವಾಗ ಕೊನೆಯ ಪದವನ್ನು ಏರಿಸುವ ರೂಢಿಯವರು, ಬೀಳಬೇಕಾದ ನಾಲ್ಕನೆಯ ತಾನವನ್ನು ಎರಡನೆಯದಾಗಿಸಿಬಿಡುತ್ತಾರೆ. ಮ್ಯಾಂಡರಿನ್‌ನಲ್ಲಿ ವಾಕ್ಯದ ಕೊನೆಗೆ ‘ಮಾ’ ಎಂಬ ಪ್ರಶ್ನಾರ್ಥಕ ಸೇರಿಸಬಹುದು. ಅದಿಲ್ಲದ ಪ್ರಶ್ನೆಯಲ್ಲೂ ಸ್ಥಳೀಯರು ಇಡೀ ವಾಕ್ಯದ ಶ್ರುತಿಯನ್ನು ಎತ್ತರಿಸುತ್ತಾರೆ, ಆ ಎತ್ತರದಲ್ಲೂ ನಾಲ್ಕನೆಯ ತಾನ ಬಿದ್ದೇ ಬೀಳುತ್ತದೆ.