ಜೊತೆಗಾರ ಲೋಹ: ಜ್ವಾಲೆಯ ಬೆಳಕಿನಲ್ಲಿ ಸೋಡಿಯಂ ಅಳೆದ ಕ್ರಮದ ಇತಿಹಾಸ

ಬಾಗಲಕೋಟೆ–ಹುನಗುಂದ ಭಾಗದ ಎರಿ ಹೊಲಕ್ಕೆ ಬೋರ್ ನೀರು ಹಾಯಿಸುವವರಿಗೆ ಆ ನೀರಿನಲ್ಲಿ ಸೋಡಿಯಂ ಎಷ್ಟಿದೆ ಎಂಬುದು ಗೊತ್ತಿರಬೇಕು. ಸೋಡಿಯಂ ಹೆಚ್ಚಾದರೆ ಎರಿ ಮಣ್ಣಿನ ಜೇಡಿ ಉಬ್ಬಿ ಅಂಟಿಕೊಳ್ಳುತ್ತದೆ, ನೀರು ಕೆಳಗಿಳಿಯದೆ ಹೊಲ ಸವಳಾಗುತ್ತದೆ. ಮಣ್ಣು–ನೀರು ಪರೀಕ್ಷಿಸುವ ಪ್ರಯೋಗಾಲಯಗಳಲ್ಲಿ ಇದನ್ನು ಅಳೆಯಲು ಬಹುಕಾಲದಿಂದ ಬಳಕೆಯಲ್ಲಿರುವ ಯಂತ್ರ ಫ್ಲೇಮ್ ಫೋಟೋಮೀಟರ್. ನೀರನ್ನು ತುಂತುರು ಮಾಡಿ ಗ್ಯಾಸ್ ಉರಿಗೆ ಬಿಟ್ಟರೆ ಸೋಡಿಯಂ ಹಳದಿ ಬೆಳಕು ಸೂಸುತ್ತದೆ. ಆ ಬೆಳಕು ಎಷ್ಟು ಎತ್ತರದ ಸಂಕೇತ ಕೊಟ್ಟಿತು ಎಂಬುದರಿಂದ ಪ್ರಮಾಣ ತಿಳಿಯುತ್ತದೆ. ಆದರೆ ಸಂಕೇತ ತಗ್ಗಿದಾಗ ತಗ್ಗಿದ್ದು ಸೋಡಿಯಂ ಮಾತ್ರವೋ, ಉರಿಯೂ ತಗ್ಗಿತೋ? ಆಂತರಿಕ ಮಾನಕ ಕ್ರಮ ಹುಟ್ಟಿದ್ದು ಈ ಪ್ರಶ್ನೆಯಿಂದ. ಅದರ ಇತಿಹಾಸದಲ್ಲಿ ಒಂದು ಸಂಗತಿಗೆ ಸಲ್ಲಬೇಕಾದ ಗಮನ ಸಂದಿಲ್ಲ ಎಂಬುದು ನನ್ನ ಅನಿಸಿಕೆ: ಮೊದಲಿಗರು ಅನುಪಾತದ ಜೊತೆಗೆ ಅದನ್ನು ಕಾಯುವ ಕಾವಲನ್ನೂ ಕೊಟ್ಟಿದ್ದರು.

ಜರ್ಮನಿಯ ಭೌತವಿಜ್ಞಾನಿ ವಾಲ್ಟರ್ ಗೆರ್ಲಾಕ್ 1925ರಲ್ಲಿ ಈ ಕ್ರಮವನ್ನು ಮುಂದಿಟ್ಟರು. ಮೂರು ವರ್ಷ ಹಿಂದೆ ಆಟೋ ಸ್ಟರ್ನ್ ಜೊತೆ ಬೆಳ್ಳಿಯ ಪರಮಾಣುಗಳ ಧಾರೆಯನ್ನು ಕಾಂತಕ್ಷೇತ್ರದಲ್ಲಿ ಎರಡಾಗಿ ಸೀಳಿ ತೋರಿಸಿದ್ದವರು ಇವರೇ. ಆಗ ಲೋಹವನ್ನು ವಿದ್ಯುತ್ ಕಿಡಿಯಲ್ಲಿ ಉರಿಸಿ, ರೋಹಿತದ ರೇಖೆಗಳನ್ನು ಛಾಯಾಚಿತ್ರದ ಗಾಜಿನ ಫಲಕದಲ್ಲಿ ಹಿಡಿಯುತ್ತಿದ್ದರು. ಕಿಡಿ ಒಮ್ಮೆ ಇದ್ದಂತೆ ಇನ್ನೊಮ್ಮೆ ಇರುತ್ತಿರಲಿಲ್ಲ, ಫಲಕದ ಕಪ್ಪೂ ಹಾಗೆಯೇ. ಸೀಸದಲ್ಲಿ ಬೆರೆತ ತವರವನ್ನು ಅಳೆಯಬೇಕಾದರೆ ತವರದ ರೇಖೆಯನ್ನಷ್ಟೇ ನೋಡದೆ, ಅದೇ ಫಲಕದಲ್ಲಿ, ಅದೇ ಕಿಡಿಯಲ್ಲಿ ಮೂಡಿದ ಸೀಸದ ರೇಖೆಯೊಂದಿಗೆ ಹೋಲಿಸಬೇಕೆಂಬುದು ಗೆರ್ಲಾಕ್ ಕಂಡುಕೊಂಡ ದಾರಿ. ಕಿಡಿ ಮಂಕಾದರೆ ಎರಡೂ ಮಂಕಾಗುತ್ತವೆ, ಅನುಪಾತ ಉಳಿಯುತ್ತದೆ.

ಎಲ್ಲ ರೇಖೆಗಳೂ ಒಂದೇ ಹದದಲ್ಲಿ ಮಂಕಾಗುವುದಿಲ್ಲ ಎಂಬುದೂ ಗೆರ್ಲಾಕ್‌ ಅವರಿಗೆ ತಿಳಿದಿತ್ತು. ಆದ್ದರಿಂದ ಅವರೂ ಸಹೋದ್ಯೋಗಿ ಶ್ವೈಟ್ಸರ್ ಅವರೂ ಇನ್ನೊಂದು ಜೋಡಿಯನ್ನು ಗೊತ್ತುಮಾಡಿದರು. ಮೂಲ ಲೋಹದ್ದೇ ಎರಡು ರೇಖೆಗಳು, ಕಿಡಿಯ ಉಗ್ರತೆ ಬದಲಾದೊಡನೆ ಒಂದು ಏರಿ ಇನ್ನೊಂದು ಇಳಿಯುವಂಥವು. ಇವೆರಡೂ ಸಮನಾಗಿ ಕಂಡಾಗ ಮಾತ್ರ ಅಳತೆಯನ್ನು ನಂಬಬೇಕು. ಇದನ್ನೇ ನಾನು ಕಾವಲು ಎಂದದ್ದು.

ಉರಿಯ ಯಂತ್ರಕ್ಕೆ ಈ ವಿಚಾರ ಬಂದದ್ದು ಎರಡು ದಶಕದ ಬಳಿಕ. ಅಮೆರಿಕದ ಬೌಲಿಂಗ್ ಬಾರ್ನ್ಸ್ ಮತ್ತು ಸಂಗಡಿಗರು 1945ರಲ್ಲಿ ಸರಳವಾದ ಫ್ಲೇಮ್ ಫೋಟೋಮೀಟರನ್ನು ವಿವರಿಸಿದರು. ಅದು ಬೆಳಕನ್ನು ನೇರವಾಗಿ ಓದುತ್ತಿತ್ತು. ಮರುವರ್ಷವೇ ಬೆರ್ರಿ, ಚಾಪೆಲ್ ಮತ್ತು ಬಾರ್ನ್ಸ್ ಅದನ್ನು ತಿದ್ದಿ, ಪ್ರತಿ ದ್ರಾವಣಕ್ಕೂ ಗೊತ್ತಿರುವಷ್ಟು ಲಿಥಿಯಂ ಬೆರೆಸಿ ಎರಡು ಬೆಳಕುಗಳ ಅನುಪಾತವನ್ನು ಓದುವಂತೆ ಮಾಡಿದರು. ಸೋಡಿಯಂನ ಬೆಳಕು 589 ನ್ಯಾನೋಮೀಟರಿನಲ್ಲಿದ್ದರೆ ಲಿಥಿಯಂನದು 671ರಲ್ಲಿ, ಒಂದು ಇನ್ನೊಂದರ ಫಿಲ್ಟರಿಗೆ ಸುಲಭವಾಗಿ ನುಗ್ಗದು. ಎರಡನ್ನೂ ಬೆಳಗಿಸಲು ಬೇಕಾದ ಶಕ್ತಿ ಹತ್ತಿರಹತ್ತಿರ, ನೀರಿನಲ್ಲಿ ಸಹಜವಾಗಿ ಲಿಥಿಯಂ ಇರುವುದೂ ತೀರ ಕಡಿಮೆ. ಜೊತೆಗಾರನನ್ನು ಆರಿಸಿದ್ದು ಹೀಗೆ.

ಬೇವೂರಿನ ಒಂದು ಬಾವಿ ನೀರನ್ನು ಪರೀಕ್ಷೆಗೆ ತಂದೆವೆಂದು ಊಹಿಸಿಕೊಳ್ಳೋಣ. ಅಂಕಿಗಳು ಲೆಕ್ಕ ತಿಳಿಯಲೆಂದು ನಾನೇ ಇಟ್ಟುಕೊಂಡವು. ಮೊದಲು ಮಾನಕ ದ್ರಾವಣ: ಲೀಟರಿಗೆ 10 ಮಿಲಿಗ್ರಾಂ ಸೋಡಿಯಂ, 20 ಮಿಲಿಗ್ರಾಂ ಲಿಥಿಯಂ. ಯಂತ್ರ ಸೋಡಿಯಂಗೆ 60, ಲಿಥಿಯಂಗೆ 48 ತೋರಿಸಿತು. ಅನುಪಾತ 1.25. ಬಳಿಕ ಬಾವಿ ನೀರನ್ನು 5 ಮಿಲಿಲೀಟರ್ ತೆಗೆದುಕೊಂಡು, ಅಷ್ಟೇ ಲಿಥಿಯಂ ಬರುವಂತೆ ಬೆರೆಸಿ, 100 ಮಿಲಿಲೀಟರಿಗೆ ತುಂಬಿದೆವು. ಈಗ ಸೋಡಿಯಂ 54, ಲಿಥಿಯಂ 40. ಅನುಪಾತ 1.35.

```
C(ನೀರು) = C(ಮಾನಕ) × R(ನೀರು) / R(ಮಾನಕ)
        = 10 × 1.35 / 1.25 = 10.8
10.8 × 20 = 216
```

ಬಾವಿಯ ನೀರಿನಲ್ಲಿ ಲೀಟರಿಗೆ 216 ಮಿಲಿಗ್ರಾಂ ಸೋಡಿಯಂ. ಲಿಥಿಯಂ ನೋಡದೆ 54ನ್ನು 60ರೊಂದಿಗೆ ನೇರವಾಗಿ ಹೋಲಿಸಿದ್ದರೆ 180 ಬರುತ್ತಿತ್ತು. ಆರರಲ್ಲೊಂದು ಪಾಲು ಕಡಿಮೆ. ಕಾರಣವನ್ನು ಲಿಥಿಯಂ ತಾನೇ ಹೇಳುತ್ತದೆ: ಅದರ ಪ್ರಮಾಣ ಬದಲಾಗದಿದ್ದರೂ ಓದು 48ರಿಂದ 40ಕ್ಕೆ ಇಳಿದಿದೆ. ನೀರನ್ನು ಹೀರುವ ಸಣ್ಣ ನಳಿಕೆಯಲ್ಲಿ ಮಣ್ಣಿನ ಕಣ ಕೂತಿರಬಹುದು, ಗ್ಯಾಸಿನ ಒತ್ತಡ ತಗ್ಗಿರಬಹುದು.

ಇಲ್ಲಿ ಇನ್ನೊಂದು ಅನುಕೂಲವೂ ಇದೆ. ಬಾವಿ ನೀರನ್ನೂ ಲಿಥಿಯಂ ದ್ರಾವಣವನ್ನೂ ಸರಿಯಾಗಿ ಅಳೆದು ಒಂದೇ ಪಾತ್ರೆಗೆ ಹಾಕಿದ ಮೇಲೆ, ಗೆರೆಯವರೆಗೆ ತುಂಬುವಾಗ ಎರಡು ಹನಿ ಹೆಚ್ಚಾದರೂ ಚಿಂತೆಯಿಲ್ಲ. ಎರಡೂ ಒಂದೇ ಪಾಲಿನಲ್ಲಿ ತಿಳಿಯಾಗುತ್ತವೆ. ಆದರೆ ಲಿಥಿಯಂ ಹಾಕುವ ಪಿಪೆಟ್ ನೂರಕ್ಕೆ ನಾಲ್ಕು ಪಾಲು ಕಡಿಮೆ ಕೊಟ್ಟರೆ ಉತ್ತರ ಹೆಚ್ಚುಕಡಿಮೆ ಅಷ್ಟೇ ಪಾಲು ಮೇಲೇರುತ್ತದೆ. ಅದನ್ನು ಉರಿಯ ತಪ್ಪೆಂದೇ ಅನುಪಾತ ಭಾವಿಸಿ ತಿದ್ದಿಬಿಡುತ್ತದೆ.

ಜೊತೆಗಾರನಿಗೆ ತಟ್ಟದ ತಪ್ಪನ್ನಂತೂ ಅನುಪಾತ ತಿದ್ದಲಾರದು. ನಮ್ಮ ಭಾಗದ ಗಡಸು ನೀರಿಗೆ ಇದು ನೇರವಾಗಿ ಸಂಬಂಧಿಸಿದ್ದು. ಕ್ಯಾಲ್ಸಿಯಂ ಉರಿಯಲ್ಲಿ ಹಸಿರು ಮತ್ತು ಕಿತ್ತಳೆ ಬಣ್ಣದ ಅಗಲವಾದ ಪಟ್ಟಿಗಳನ್ನು ಸೂಸುತ್ತದೆ. ಅವುಗಳ ಅಂಚು ಸೋಡಿಯಂನ ಎರಡೂ ಪಕ್ಕದಲ್ಲಿ ಚಾಚಿಕೊಂಡಿರುತ್ತದೆ. ಸಾಧಾರಣ ಬಣ್ಣದ ಫಿಲ್ಟರ್ ಆ ಬೆಳಕಿನಲ್ಲಿ ಸ್ವಲ್ಪವನ್ನು ಒಳಬಿಟ್ಟು ಸೋಡಿಯಂ ಲೆಕ್ಕಕ್ಕೆ ಸೇರಿಸುತ್ತದೆ. ನೀರನ್ನು ಇನ್ನಷ್ಟು ತಿಳಿ ಮಾಡಿದರೂ ಗುಟ್ಟು ಬಯಲಾಗದು, ಸೋಡಿಯಂ ತಗ್ಗಿದಂತೆ ಕ್ಯಾಲ್ಸಿಯಂ ಕೂಡ ತಗ್ಗುತ್ತದೆ. ಪತ್ತೆಹಚ್ಚುವ ದಾರಿಯೆಂದರೆ, ಸೋಡಿಯಂ ಇಲ್ಲದ ಶುದ್ಧ ಕ್ಯಾಲ್ಸಿಯಂ ದ್ರಾವಣವನ್ನು ಬಾವಿ ನೀರಿನಲ್ಲಿರುವಷ್ಟೇ ಪ್ರಮಾಣದಲ್ಲಿ ಉರಿಗೆ ಬಿಟ್ಟು ಸೋಡಿಯಂ ಓದು ಸೊನ್ನೆಯಿಂದ ಏಳುತ್ತದೆಯೇ ಎಂದು ನೋಡುವುದು.

ಲಿಥಿಯಂ ತನ್ನ ಸ್ಥಾನ ಬಿಡಬೇಕಾಗಿ ಬಂದದ್ದು ಆಸ್ಪತ್ರೆಗಳಲ್ಲಿ. ಆಸ್ಟ್ರೇಲಿಯಾದ ಜಾನ್ ಕೇಡ್ 1949ರಲ್ಲಿ ಉನ್ಮಾದದ ರೋಗಿಗಳಿಗೆ ಲಿಥಿಯಂ ಮದ್ದಾಗುತ್ತದೆಂದು ಪ್ರಕಟಿಸಿದರು. ಮದ್ದಿಗೂ ವಿಷಕ್ಕೂ ನಡುವಿನ ಅಂತರ ಕಿರಿದಾದ್ದರಿಂದ ರಕ್ತದ ಲಿಥಿಯಂ ಅಳೆಯುವುದು ಅಗತ್ಯವಾಯಿತು. ರೋಗಿಯ ಲಿಥಿಯಂ ಸೇರಿ ಸೋಡಿಯಂ ಲೆಕ್ಕ ಕೆಡುತ್ತದೆಂದು ಯಾರಿಗಾದರೂ ಅನಿಸಬಹುದು, ಆದರೆ ಅದು ಹಾಗಲ್ಲ. ಲೀಟರಿಗೆ 1 ಮಿಲಿಮೋಲ್ ಲಿಥಿಯಂ ಇರುವ ರಕ್ತದ್ರವವನ್ನು 200 ಪಟ್ಟು ತಿಳಿ ಮಾಡಿದರೆ ಉಳಿಯುವುದು 0.005. ಬೆರೆಸಿದ ಲಿಥಿಯಂ 15 ಇದ್ದಾಗ ಅದು ಲೆಕ್ಕಕ್ಕೇ ಬಾರದು. ನಿಜವಾದ ತೊಡಕು ಬೇರೆ: ಲಿಥಿಯಂ ಅನ್ನೇ ಅಳೆಯಬೇಕಾದಾಗ ಲಿಥಿಯಂ ತನಗೆ ತಾನೇ ಮಾನಕವಾಗಲಾರದು. ಸೋಡಿಯಂ, ಪೊಟ್ಯಾಸಿಯಂ, ಲಿಥಿಯಂ ಮೂರನ್ನೂ ಒಮ್ಮೆಗೇ ಅಳೆಯುವ ಯಂತ್ರಗಳಲ್ಲಿ ಆ ಜಾಗಕ್ಕೆ ಸೀಸಿಯಂ ಬಂತು.

ಸೀಸಿಯಂ ಇನ್ನೊಂದು ಕೆಲಸವನ್ನೂ ಮಾಡುತ್ತದೆ. ಬಿಸಿ ಉರಿಯಲ್ಲಿ ಪೊಟ್ಯಾಸಿಯಂ ತನ್ನ ಎಲೆಕ್ಟ್ರಾನನ್ನು ಸುಲಭವಾಗಿ ಕಳೆದುಕೊಂಡು ಮಂಕಾಗುತ್ತದೆ. ಸೀಸಿಯಂ ಇನ್ನೂ ಸುಲಭವಾಗಿ ಎಲೆಕ್ಟ್ರಾನ್ ಬಿಟ್ಟುಕೊಟ್ಟು ಉರಿಯನ್ನು ತುಂಬಿಸುವುದರಿಂದ ಪೊಟ್ಯಾಸಿಯಂನ ಈ ನಷ್ಟ ತಗ್ಗುತ್ತದೆ. ಈ ಲೋಹ ಮೊದಲು ಕಂಡದ್ದೂ ಉರಿಯ ಬೆಳಕಿನಲ್ಲೇ: 1860ರಲ್ಲಿ ಬುನ್ಸೆನ್ ಮತ್ತು ಕಿರ್ಚಾಫ್ ಡ್ಯೂರ್ಕ್‌ಹೈಮ್ ಎಂಬ ಊರಿನ ಖನಿಜ ನೀರಿನಲ್ಲಿ ಎರಡು ನೀಲಿ ರೇಖೆಗಳನ್ನು ಕಂಡು ಅದನ್ನು ಗುರುತಿಸಿದರು.

ಯಂತ್ರ ತಾನೇ ಭಾಗಿಸಿ ಒಂದೇ ಅಂಕಿ ತೋರಿಸತೊಡಗಿದ ಮೇಲೆ ಗೆರ್ಲಾಕ್‌ ಅವರ ಕಾವಲಿನಂತೆ ಎಚ್ಚರಿಸಬಲ್ಲ ಜೊತೆಗಾರನ ಓದು ಕಣ್ಣಿಗೆ ಬೀಳದಂತಾಯಿತು. ಬೇವೂರಿನ ನೀರಿಗೆ 216 ಎಂದಷ್ಟೇ ಬರೆದಿಟ್ಟರೆ, ಅದು 48ರ ಉರಿಯಲ್ಲಿ ಬಂದದ್ದೋ 40ರ ಉರಿಯಲ್ಲೋ ಎಂದು ಮುಂದೆ ಯಾರೂ ಹೇಳಲಾರರು. ಪ್ರಯೋಗಾಲಯದ ದಾಖಲೆ ಪುಸ್ತಕದಲ್ಲಿ ಸೋಡಿಯಂ ಓದು, ಜೊತೆಗಾರನ ಓದು, ಅನುಪಾತ, ಈ ಮೂರಕ್ಕೂ ಮೂರು ಕಲಮು ಬೇಕು. ಜೊತೆಗಾರನ ಕಲಮು ದಿನದಿಂದ ದಿನಕ್ಕೆ ಇಳಿಯುತ್ತ ಬಂದರೆ ನಳಿಕೆಯನ್ನು ಬಿಚ್ಚಿ ತೊಳೆಯುವ ಹೊತ್ತಾಯಿತೆಂದು ಅರ್ಥ.