ಗರ್ಭಕಂಠ ತಪಾಸಣೆ ಮತ್ತು ಎಚ್‌ಪಿವಿ ಲಸಿಕೆ

ಗರ್ಭಕಂಠದ ಕ್ಯಾನ್ಸರ್‌ಗೆ ಮುಂಚಿನ ಬದಲಾವಣೆಗಳನ್ನು ಆರೋಗ್ಯವಂತ ಮಹಿಳೆಯರಲ್ಲೇ ಹುಡುಕುವ ಪರೀಕ್ಷೆಯೇ ಗರ್ಭಕಂಠ ತಪಾಸಣೆ. ಎಚ್‌ಪಿವಿ ವೈರಾಣು ಮೈಯಲ್ಲೇ ಉಳಿದುಬಿಟ್ಟರೆ ಕ್ಯಾನ್ಸರ್ ಆಗಲು ಸಾಮಾನ್ಯವಾಗಿ ಹತ್ತು ವರ್ಷಕ್ಕೂ ಹೆಚ್ಚು ಬೇಕು. ಅಷ್ಟು ಕಾಲ ನೋವೂ ಇರದು, ರಕ್ತಸ್ರಾವವೂ ಇರದು. ಆದ್ದರಿಂದ ‘ನನಗೇನೂ ಆಗಿಲ್ಲ’ ಎನ್ನುವಾಗಲೇ ಪರೀಕ್ಷೆ ಮಾಡಿಸಿಕೊಳ್ಳಬೇಕು.

ಪರೇಲ್‌ನ ಟಾಟಾ ಸ್ಮಾರಕ ಆಸ್ಪತ್ರೆ 1998ರಿಂದ ಮುಂಬೈಯ ಕೊಳೆಗೇರಿಗಳಲ್ಲಿ 35ರಿಂದ 64 ವಯಸ್ಸಿನ ಸುಮಾರು ಒಂದೂವರೆ ಲಕ್ಷ ಮಹಿಳೆಯರನ್ನು ಒಳಗೊಂಡ ಅಧ್ಯಯನ ನಡೆಸಿತು. ಅವರಲ್ಲಿ ಅರ್ಧದಷ್ಟು ಮಂದಿಗೆ ತರಬೇತಿ ಪಡೆದ ಆರೋಗ್ಯ ಕಾರ್ಯಕರ್ತೆಯರು ಎರಡು ವರ್ಷಕ್ಕೊಮ್ಮೆ ತಪಾಸಣೆ ಮಾಡಿದರು. ಗರ್ಭಕಂಠಕ್ಕೆ ತೆಳುವಾದ ಅಸಿಟಿಕ್ ಆಮ್ಲ ಸವರಿ, ಒಂದು ನಿಮಿಷ ಕಾದು, ಬೆಳ್ಳಗಾದ ಭಾಗವಿದೆಯೇ ಎಂದು ಬರಿಗಣ್ಣಿನಿಂದ ನೋಡುವುದಷ್ಟೇ ವಿಧಾನ. ಇಷ್ಟು ಸರಳ ಕೆಲಸದಿಂದ ಈ ಕ್ಯಾನ್ಸರ್‌ನ ಸಾವು ಶೇ. 31ರಷ್ಟು ತಗ್ಗಿತು.

ಬಿಳಿ ಕಲೆ ಎಂದರೆ ಕ್ಯಾನ್ಸರ್ ಎಂದಲ್ಲ; ಉರಿಯೂತದಿಂದಲೂ ಹಾಗೆ ಕಾಣಬಹುದು. ಕಾಲ್ಪೊಸ್ಕೋಪಿ, ಬೇಕಿದ್ದರೆ ಬಯಾಪ್ಸಿ ಅದನ್ನು ಖಚಿತಪಡಿಸುತ್ತವೆ. ಮುಟ್ಟು ನಿಂತ ಮೇಲೆ ಬದಲಾವಣೆಗಳಾಗುವ ಭಾಗ ಒಳಗೆ ಸರಿಯುವುದರಿಂದ ಈ ವಿಧಾನ ಅಷ್ಟು ನಂಬಲರ್ಹವಲ್ಲ; ಆಗ ಎಚ್‌ಪಿವಿ ಪರೀಕ್ಷೆ ಮೇಲು.

ಎಚ್‌ಪಿವಿ ಲಸಿಕೆ ಹೊಸ ಸೋಂಕನ್ನು ತಡೆಯುತ್ತದೆ, ಇರುವುದನ್ನು ತೊಲಗಿಸದು. ಹಾಗಾಗಿ ಅದರ ಪೂರ್ಣ ಲಾಭ ಮಗಳಿಗೆ, 9ರಿಂದ 14ರ ವಯಸ್ಸಿನಲ್ಲಿ. ಮೂವತ್ತರ ತಾಯಿಗೆ ಲಾಭ ಕಡಿಮೆ. ವೈದ್ಯರ ಸಲಹೆಯಂತೆ ಹಾಕಿಸಿಕೊಂಡರೂ ತಪಾಸಣೆ ಬಿಡುವಂತಿಲ್ಲ.